ಆ 2.5% ಸುಸ್ತಿ ಲೆಕ್ಕದೊಳಗೆ ಏನಿದೆ?

ಪ್ರಶ್ನೆ: ಬ್ಯಾಂಕ್ ನಡುವೆ ಇಲ್ಲದೆ ಜನರೇ ಜನರಿಗೆ ಸಾಲ ಕೊಡುವ ಒಂದು ಪಿ2ಪಿ ಆ್ಯಪ್‌ನಲ್ಲಿ ಎಂಟು ತಿಂಗಳಿಂದ ದುಡ್ಡು ಹಾಕಿದ್ದೇನೆ. ಎರಡು ವರ್ಷದ ಸಾಲಗಳು, 14% ಬಡ್ಡಿ, ಒಂದು ತಿಂಗಳೂ ತಪ್ಪಿಲ್ಲ. ಸುಸ್ತಿ ಬರೀ 2.5% ಅಂತ ಆ್ಯಪ್‌ನಲ್ಲೇ ತೋರಿಸುತ್ತಾರೆ. ಈಗ ಒಂದು ಖಾಸಗಿ ಕಂಪನಿಯ ಮೂರು ವರ್ಷದ ಬಾಂಡ್ ಕೂಡ ಬಂದಿದೆ, 13%, ಆಸ್ತಿಯ ಅಡಮಾನ ಇದೆ ಅಂತಾರೆ. ಬ್ಯಾಂಕ್ ಠೇವಣಿಗೆ 7% ಅಷ್ಟೇ. ಅದನ್ನು ಮುರಿದು ಇವೆರಡಕ್ಕೂ ಹಾಕಬಹುದಾ? ರಿಸ್ಕ್ ಇದೆ ಅಂತ ಎಲ್ಲರೂ ಹೇಳುತ್ತಾರೆ, ನನಗಂತೂ ಎಲ್ಲೂ ಕಾಣುತ್ತಿಲ್ಲ.

ಉತ್ತರ: ಠೇವಣಿ ಮುರಿಯಬೇಡಿ. ಈಗಂತೂ ಬೇಡ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ರಿಸ್ಕ್ ನಿಮ್ಮ ಕಣ್ಣಿಗೆ ಬಿದ್ದಿಲ್ಲ ಎಂದರೆ ತಪ್ಪು ನಿಮ್ಮದಲ್ಲ. ಎಂಟು ತಿಂಗಳಲ್ಲಿ ಅದು ಕಾಣಿಸಿಕೊಳ್ಳುವುದೇ ಅಪರೂಪ.

ಎರಡು ವರ್ಷದ ಕಂತಿನ ಸಾಲ ತೆಗೆದುಕೊಂಡವರು ಮೊದಲ ಕಂತಿಗೇ ಕೈ ಎತ್ತುವುದು ಕಡಿಮೆ. ಕೈಯಲ್ಲಿ ಸಾಲದ ಹಣ ಇನ್ನೂ ಉಳಿದಿರುತ್ತದೆ. ನಾಲ್ಕೈದು ಕಂತು ಸಲೀಸಾಗಿ ಬರುತ್ತವೆ. ಒಬ್ಬ ಸಾಲಗಾರ ಆರನೇ ತಿಂಗಳಿಂದ ಕಟ್ಟುವುದನ್ನು ನಿಲ್ಲಿಸಿದ ಅಂತ ಇಟ್ಟುಕೊಳ್ಳಿ. ಅವತ್ತೇ ಅದನ್ನು ಸುಸ್ತಿ ಸಾಲ ಅಂತ ಯಾರೂ ಕರೆಯುವುದಿಲ್ಲ. ಮೊದಲ 30 ದಿನ ‘ತಡ’, ಆಮೇಲೆ ‘ಹೆಚ್ಚು ತಡ’. ಕಂತಿನ ದಿನ ದಾಟಿ 90 ದಿನ ಆದ ಮೇಲೆ ಸುಸ್ತಿ ಪಟ್ಟಿಗೆ ಸೇರಿಸುವುದು ಸಾಮಾನ್ಯ ರೂಢಿ. ಅಂದರೆ ಆರನೇ ತಿಂಗಳಲ್ಲಿ ಕೆಟ್ಟ ಸಾಲ ಲೆಕ್ಕದಲ್ಲಿ ಬರುವುದು ಒಂಬತ್ತನೇ ತಿಂಗಳಲ್ಲಿ. ಬಡ್ಡಿ ಮಾತ್ರ ಮೊದಲ ತಿಂಗಳಿಂದಲೇ ಬರುತ್ತಿರುತ್ತದೆ. ಲಾಭ ಮೊದಲು, ನಷ್ಟ ಆಮೇಲೆ. ಈ ನಡುವಿನ ಸಮಯದಲ್ಲೇ ರಿಸ್ಕ್ ಅಡಗಿ ಕೂತಿರುತ್ತದೆ. ಅದನ್ನು ಅಡಗಿಸೋಕೆ ಯಾರೂ ಸುಳ್ಳು ಹೇಳಬೇಕಾಗಿಯೂ ಇಲ್ಲ.

ಈಗ ಆ 2.5% ನೋಡೋಣ. ಇದು ನಿಜವಾದ ಲೆಕ್ಕವೇ ಇರಬಹುದು. ಆದರೂ ಅದು ನಿಮಗೆ ಬೇಕಾದ ಸಂಖ್ಯೆ ಅಲ್ಲ.

ಒಂದು ಪ್ಲಾಟ್‌ಫಾರ್ಮ್ ಕಲ್ಪಿಸಿಕೊಳ್ಳಿ. ಲೆಕ್ಕ ಸುಲಭವಾಗಲಿ ಅಂತ ಅದು ಆರು ತಿಂಗಳಿಗೊಮ್ಮೆ ಒಂದೇ ದಿನ ಸಾಲ ಕೊಡುತ್ತದೆ ಅಂತ ಇಟ್ಟುಕೊಳ್ಳೋಣ. ಎಲ್ಲವೂ ಎರಡು ವರ್ಷದ ಸಾಲ, ಎಲ್ಲವೂ ಒಂದೇ ಮೊತ್ತದ್ದು. ಸಾಲಗಾರರ ಗುಣವೂ ಪ್ರತಿ ಸಲ ಒಂದೇ. 100 ಸಾಲ ಕೊಟ್ಟರೆ ಆರು ತಿಂಗಳಿಗೆ 2, ವರ್ಷಕ್ಕೆ ಒಟ್ಟು 7, ಒಂದೂವರೆ ವರ್ಷಕ್ಕೆ 10, ಎರಡು ವರ್ಷ ಮುಗಿಯುವಾಗ 12 ಸಾಲ ಕೆಡುತ್ತವೆ. ಅಂದರೆ ಈ ವ್ಯವಹಾರದ ಅಸಲಿ ಸುಸ್ತಿ 12%.

ಪ್ಲಾಟ್‌ಫಾರ್ಮ್ ಭರ್ಜರಿಯಾಗಿ ಬೆಳೆಯುತ್ತಿದೆ. ಪ್ರತಿ ಆರು ತಿಂಗಳಿಗೆ ಸಾಲದ ಸಂಖ್ಯೆ ದುಪ್ಪಟ್ಟು. ಮೊದಲ ಸಲ 100, ಆಮೇಲೆ 200, 400, 800. ಸರಿಯಾಗಿ ಎರಡು ವರ್ಷ ತುಂಬಿದ ದಿನ 1600. ಒಟ್ಟು 3100 ಸಾಲ. ಆ ದಿನ ಎಷ್ಟು ಕೆಟ್ಟಿವೆ? ಮೊದಲ ತಂಡಕ್ಕೆ ಎರಡು ವರ್ಷ ಆಗಿದೆ, ಅದರಲ್ಲಿ 12. ಎರಡನೆಯದಕ್ಕೆ ಒಂದೂವರೆ ವರ್ಷ, 200ರಲ್ಲಿ 20. ಮೂರನೆಯದಕ್ಕೆ ಒಂದು ವರ್ಷ, 400ರಲ್ಲಿ 28. ನಾಲ್ಕನೆಯದಕ್ಕೆ ಆರು ತಿಂಗಳು, 800ರಲ್ಲಿ 16. ಕೊನೆಯ 1600 ಇವತ್ತೇ ಕೊಟ್ಟಿದ್ದು, ಅದರಲ್ಲಿ ಸೊನ್ನೆ. ಎಲ್ಲ ಸೇರಿ 76. ಇದನ್ನು 3100ರಿಂದ ಭಾಗಿಸಿದರೆ 2.45%.

ಆ್ಯಪ್‌ನಲ್ಲಿ ‘ಸುಸ್ತಿ 2.5%’ ಅಂತ ಬರುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ 3100ರಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲಗಳು ಒಂದು ಕಂತಿನ ದಿನವನ್ನೂ ನೋಡಿಲ್ಲ. ಕೆಡೋಕೆ ಅವಕ್ಕೆ ಇನ್ನೂ ಸಮಯವೇ ಸಿಕ್ಕಿಲ್ಲ, ಅಲ್ವಾ? ಒಂದನೇ ತರಗತಿಗೆ ಈ ವರ್ಷ ಸೇರಿದ ಮಕ್ಕಳನ್ನೆಲ್ಲ ಸೇರಿಸಿ ‘ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯಲ್ಲಿ ಫೇಲಾದವರು ಬಹಳ ಕಡಿಮೆ’ ಎಂದು ಹೇಳಿದ ಹಾಗೆ.

ಈಗ ಬೆಳವಣಿಗೆ ನಿಂತಿತು ಅನ್ನಿ. ಹೊಸ ಸಾಲ ಒಂದೂ ಇಲ್ಲ. ಹಳೆಯ ಸಾಲಗಳ ವಯಸ್ಸು ಸುಮ್ನೆ ಏರುತ್ತಾ ಹೋಗುತ್ತದೆ. ಆರು ತಿಂಗಳ ನಂತರ ಕೆಟ್ಟವು 164, ಅಂದರೆ 5.3%. ಇನ್ನಾರು ತಿಂಗಳಿಗೆ 276, ಸುಮಾರು 9%. ಅದರ ಮುಂದಿನ ಆರು ತಿಂಗಳಿಗೆ 11%. ಕೊನೆಗೆ 372, ಸರಿಯಾಗಿ 12%. ಈ ಇಡೀ ಅವಧಿಯಲ್ಲಿ ಸಾಲಗಾರರ ಗುಣ ಕೂದಲೆಳೆಯಷ್ಟೂ ಬದಲಾಗಿಲ್ಲ. ಹೊರಗಿನಿಂದ ನೋಡುವವರಿಗೆ ಮಾತ್ರ ಕಂಪನಿ ಇದ್ದಕ್ಕಿದ್ದಂತೆ ಹಾಳಾದ ಹಾಗೆ ಕಾಣುತ್ತದೆ. ಪತ್ರಿಕೆಗಳಲ್ಲಿ ‘ಸುಸ್ತಿ ಐದು ಪಟ್ಟು’ ಅಂತ ಬರುತ್ತದೆ. ಅದನ್ನು ಓದಿ ಹೆದರಿದ ಜನ ಹೊಸ ಹಣ ಹಾಕುವುದಿಲ್ಲ. ಬೆಳವಣಿಗೆ ಇನ್ನಷ್ಟು ಕುಸಿಯುತ್ತದೆ, ಶೇಕಡಾವಾರು ಇನ್ನೂ ಏರುತ್ತದೆ. ಚೀನಾದಲ್ಲಿ 2018ರ ಬೇಸಿಗೆಯಲ್ಲಿ ಪಿ2ಪಿ ಕಂಪನಿಗಳು ಸಾಲು ಸಾಲಾಗಿ ಮುಗ್ಗರಿಸಿದವು. ಅವುಗಳಲ್ಲಿ ಎಷ್ಟೋ ಕಂಪನಿಗಳು ಶುದ್ಧ ಮೋಸ, ಅದು ಬೇರೆ ಕಥೆ. ಆದರೆ ಹೊಸ ಹಣದ ಹರಿವು ನಿಂತ ಕೂಡಲೇ ಹಳೆಯದೆಲ್ಲ ಬಯಲಾಯಿತು ಎಂಬ ಮಾತು ಮೋಸದವರಿಗೂ ಪ್ರಾಮಾಣಿಕರಿಗೂ ಅನ್ವಯಿಸುತ್ತದೆ. ಒಂದು ಕಾಲದಲ್ಲಿ ಅಲ್ಲಿ ಸಾವಿರಾರು ಪ್ಲಾಟ್‌ಫಾರ್ಮ್‌ಗಳಿದ್ದವು. 2020ರ ನವೆಂಬರ್ ಹೊತ್ತಿಗೆ ಒಂದೂ ನಡೆಯುತ್ತಿಲ್ಲ ಎಂದು ಅಲ್ಲಿನ ನಿಯಂತ್ರಕರೇ ಹೇಳಿದರು.

ಹಾಗಾಗಿ ಕೇಳಬೇಕಾದ್ದು ‘ಒಟ್ಟು ಸುಸ್ತಿ ಎಷ್ಟು’ ಅಂತ ಅಲ್ಲ. ‘ಎರಡು ವರ್ಷದ ಹಿಂದೆ ಆ ಒಂದು ತಿಂಗಳಲ್ಲಿ ಕೊಟ್ಟ ಸಾಲಗಳಲ್ಲಿ ಇವತ್ತಿಗೆ ಎಷ್ಟು ಕೆಟ್ಟಿವೆ’ ಅಂತ. ಸಾಲ ಉದ್ಯಮದಲ್ಲಿ ಇದನ್ನು ವಿಂಟೇಜ್ ಲೆಕ್ಕ ಅಂತಾರೆ. ಸಾಲ ಕೊಟ್ಟ ತಿಂಗಳು ಅಥವಾ ತ್ರೈಮಾಸಿಕದ ಪ್ರಕಾರ ಒಂದೊಂದು ಸಾಲು, ಪಕ್ಕದಲ್ಲಿ 6, 12, 18, 24 ತಿಂಗಳಿಗೆ ಎಷ್ಟು ಕೆಟ್ಟವು ಎಂಬ ಅಂಕಣಗಳು. ಅಷ್ಟೇ. ಸಾಲ ಕೊಡುವ ಯಾವ ಕಂಪನಿಯೂ ಈ ಪಟ್ಟಿ ಇಲ್ಲದೆ ವ್ಯವಹಾರ ಮಾಡುವುದಿಲ್ಲ. ಇದು ಅವರ ಬಳಿ ಇದ್ದೇ ಇರುತ್ತದೆ. ಕೊಡುವುದಿಲ್ಲ ಅಂದರೆ ಕೊಡಲು ಮನಸ್ಸಿಲ್ಲ ಅಂತಲೇ ಅರ್ಥ. ಪಟ್ಟಿ ಸಿಕ್ಕರೆ ಇನ್ನೊಂದನ್ನೂ ನೋಡಿ: ಹೊಸ ತಂಡಗಳು ಆರನೇ ತಿಂಗಳಲ್ಲಿ ಹಳೆಯ ತಂಡಗಳಿಗಿಂತ ಜಾಸ್ತಿ ಕೆಡುತ್ತಿವೆಯಾ? ಹಾಗಿದ್ದರೆ ಬೆಳೆಯುವ ಆತುರದಲ್ಲಿ ಸಿಕ್ಕಸಿಕ್ಕವರಿಗೆ ಸಾಲ ಕೊಡುತ್ತಿದ್ದಾರೆ ಅಂತ ತಿಳಿಯಿರಿ. ಪ್ಲಾಟ್‌ಫಾರ್ಮ್‌ಗೆ ಕಮಿಷನ್‌ನ ದೊಡ್ಡ ಪಾಲು ಬರುವುದು ಸಾಲ ಕೊಟ್ಟಾಗ. ಸಾಲ ವಾಪಸ್ ಬಾರದಿದ್ದರೆ ನಷ್ಟ ನಿಮಗೆ.

ಸರಿ, 12% ಸುಸ್ತಿ ಆದರೆ ನಿಮ್ಮ 14%ರಲ್ಲಿ ಎಷ್ಟು ಉಳಿಯುತ್ತದೆ? ಬಹಳ ಜನ 14ರಲ್ಲಿ 12 ಕಳೆದು 2 ಅಂತಾರೆ. ಅದು ತಪ್ಪು. ಇನ್ನು ಕೆಲವರು 12 ಎರಡು ವರ್ಷಕ್ಕೆ, ಹಾಗಾಗಿ ವರ್ಷಕ್ಕೆ 6, ಉಳಿದದ್ದು 8 ಅಂತಾರೆ. ಅದು ಸತ್ಯಕ್ಕೆ ಹತ್ತಿರ, ಆದರೆ ಆ ದಾರಿ ಸರಿಯಲ್ಲ. ಬಿಡಿಸಿ ನೋಡೋಣ.

100 ಹಣವನ್ನು 100 ಸಾಲಗಳಿಗೆ ಹಂಚಿದ್ದೀರಿ. ಪ್ರತಿ ತಿಂಗಳು ಅಸಲೂ ವಾಪಸ್ ಬರುವುದರಿಂದ ಎರಡು ವರ್ಷದುದ್ದಕ್ಕೂ 100 ಪೂರ್ತಿ ಹೊರಗಿರುವುದಿಲ್ಲ. ಸರಾಸರಿ 54ರಷ್ಟು ಹೊರಗಿರುತ್ತದೆ. ಅದಕ್ಕೆ 14%ರಂತೆ ಎರಡು ವರ್ಷಕ್ಕೆ ಸುಮಾರು 15 ಬಡ್ಡಿ. ಈಗ ನಷ್ಟ. ಕೆಟ್ಟ 12 ಸಾಲಗಳೂ ಒಂದಷ್ಟು ಕಂತು ಕಟ್ಟಿದ ಮೇಲೇ ಕೆಟ್ಟಿವೆ. ಕೆಟ್ಟಾಗ ಅಸಲಿನ 60% ಬಾಕಿ ಇತ್ತು ಅನ್ನಿ. ಅದು ಸುಮಾರು 7. ಅಡಮಾನ ಇಲ್ಲದ ಸಾಲ, ವಸೂಲಿ ಮಾಡಿ ಅದರಲ್ಲಿ 1 ವಾಪಸ್ ತಂದರು. ನಷ್ಟ 6. ಪ್ಲಾಟ್‌ಫಾರ್ಮ್ ಶುಲ್ಕ 1. ಕೆಟ್ಟ ಸಾಲಗಳಿಂದ ಬರಬೇಕಿದ್ದು ಬಾರದ ಬಡ್ಡಿ ಅರ್ಧ. 15ರಲ್ಲಿ ಇವೆಲ್ಲ ಕಳೆದರೆ ಏಳೂವರೆ. 54 ಹಣ ಎರಡು ವರ್ಷ ದುಡಿದು ಏಳೂವರೆ ತಂದಿತು. ವರ್ಷಕ್ಕೆ ಸುಮಾರು 7%.

ನಿಮ್ಮ ಠೇವಣಿಯೂ 7%. ಸಾಮಾನ್ಯ ಕಾಲದಲ್ಲಿ, ಎಲ್ಲವೂ ಅಂದುಕೊಂಡಂತೆ ನಡೆದಾಗ ಈ ಗತಿ. ಆರ್ಥಿಕತೆ ಕೆಟ್ಟು ಸುಸ್ತಿ 12ರ ಬದಲು 20 ಆದರೆ ಇದೇ ಲೆಕ್ಕದಲ್ಲಿ ವರ್ಷಕ್ಕೆ 3% ಕೂಡ ಕಷ್ಟ. 30 ಆದರೆ ಅಸಲಿಗೇ ಕೈ ಹಾಕಬೇಕು. ಸಾವಿರ ಸಾಲಗಳಿಗೆ ಹಂಚಿದರೂ ಇದರಿಂದ ತಪ್ಪಿಸಿಕೊಳ್ಳಲಾಗದು. ಹಂಚುವುದರಿಂದ ಒಬ್ಬಿಬ್ಬರ ಕೆಟ್ಟ ಹಣೆಬರಹ ನಿಮಗೆ ತಟ್ಟುವುದಿಲ್ಲ, ನಿಜ. ಆದರೆ ಕೆಲಸ ಹೋಗುವ ಕಾಲ ಬಂದರೆ ಅದು ಎಲ್ಲ ಸಾಲಗಾರರಿಗೂ ಒಟ್ಟಿಗೇ ಬರುತ್ತದೆ.

‘ಬಡ್ಡಿ ಇನ್ನಷ್ಟು ಏರಿಸಿದರೆ ನಷ್ಟ ತುಂಬಿಕೊಳ್ಳಬಹುದಲ್ಲ’ ಎಂದು ಕೇಳುವವರಿದ್ದಾರೆ. ಸಾಲದಲ್ಲಿ ಅದು ಒಂದು ಮಿತಿಯ ಆಚೆ ನಡೆಯುವುದಿಲ್ಲ. ಬಡ್ಡಿ ಏರಿದಂತೆ ಪ್ರಾಮಾಣಿಕವಾಗಿ ಲೆಕ್ಕ ಹಾಕುವವರು ಹಿಂದೆ ಸರಿಯುತ್ತಾರೆ, ಹೇಗಿದ್ದರೂ ಕಟ್ಟುವ ಯೋಚನೆ ಇಲ್ಲದವರು ಉಳಿಯುತ್ತಾರೆ. ಸ್ಟಿಗ್ಲಿಟ್ಜ್ ಮತ್ತು ವೈಸ್ ಎಂಬ ಅರ್ಥಶಾಸ್ತ್ರಜ್ಞರು 1981ರಲ್ಲೇ ಇದನ್ನು ತೋರಿಸಿಕೊಟ್ಟರು. ಬ್ಯಾಂಕುಗಳು ಜಾಸ್ತಿ ಬಡ್ಡಿ ಕೇಳುವ ಬದಲು ಸಾಲವನ್ನೇ ನಿರಾಕರಿಸುವುದು ಈ ಕಾರಣಕ್ಕೆ.

ಇನ್ನು ಸುಸ್ತಿಯ ಸಂಖ್ಯೆಯನ್ನು ಕೈಯಾರೆ ತಗ್ಗಿಸುವ ದಾರಿಗಳೂ ಇವೆ. ಎಲ್ಲವನ್ನೂ ಹೇಳುವುದಿಲ್ಲ, ಮುಖ್ಯವಾದ ಎರಡು ಸಾಕು. ಒಂದು, ಅವಧಿ ವಿಸ್ತರಣೆ. ಕಂತು ತಪ್ಪಿದವನಿಗೆ ಇನ್ನಾರು ತಿಂಗಳು ಕೊಟ್ಟು ಹೊಸ ಕಂತಿನ ಪಟ್ಟಿ ಮಾಡುತ್ತಾರೆ. ಮರುದಿನ ಆ ಸಾಲದ ಮುಂದೆ ಮತ್ತೆ ‘ಸರಿಯಾಗಿದೆ’ ಅಂತ ಹಸಿರು ಗುರುತು. ಎರಡು, ಹಳೆ ಸಾಲಕ್ಕೆ ಹೊಸ ಸಾಲ. ಮೊದಲ ಸಾಲ ತೀರಿಸಲಾಗದವನಿಗೆ ಇನ್ನೂ ದೊಡ್ಡ ಸಾಲ ಕೊಟ್ಟು, ಅದರಿಂದ ಮೊದಲನೆಯದನ್ನು ಮುಚ್ಚಿಸುತ್ತಾರೆ. ಲೆಕ್ಕದಲ್ಲಿ ಒಂದು ಸಾಲ ‘ಪೂರ್ತಿ ತೀರಿದೆ’, ಇನ್ನೊಂದು ‘ಹೊಚ್ಚ ಹೊಸದು’. ನಿಮ್ಮ ಪಟ್ಟಿಯಲ್ಲಿ ಅವಧಿಗೆ ಮೊದಲೇ ಒಂದೇ ಏಟಿಗೆ ಚುಕ್ತಾ ಆಗುವ ಸಾಲಗಳು ಜಾಸ್ತಿ ಇದ್ದರೆ ಸಂತೋಷಪಡುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಗ್ಯಾರಂಟಿ ಬಗ್ಗೆಯೂ ಹೇಳಬೇಕು, ಯಾಕೆಂದರೆ ಮುಂದೊಂದು ದಿನ ನಿಮಗೆ ಯಾರಾದರೂ ಅದನ್ನು ತೋರಿಸಿಯೇ ತೋರಿಸುತ್ತಾರೆ. ಇದರಲ್ಲಿ ಎರಡು ಬಗೆ. ಸಾಲ 60 ದಿನ ತಡವಾದರೆ ಸಾಲ ಕೊಟ್ಟ ಕಂಪನಿಯೇ ಅದನ್ನು ನಿಮ್ಮಿಂದ ವಾಪಸ್ ಕೊಳ್ಳುತ್ತದೆ ಎನ್ನುವುದು ಒಂದು. ಎಲ್ಲ ಸಾಲಗಾರರಿಂದ ಸ್ವಲ್ಪ ಸ್ವಲ್ಪ ತೆಗೆದು ಮೀಸಲು ನಿಧಿ ಮಾಡಿ, ನಷ್ಟವನ್ನು ಅದರಿಂದ ತುಂಬುವುದು ಇನ್ನೊಂದು. ಎರಡರಲ್ಲೂ ಸುಸ್ತಿ ಕಡಿಮೆಯಾಗುವುದಿಲ್ಲ, ನಿಮ್ಮ ಪರದೆಯಿಂದ ಮರೆಯಾಗುತ್ತದೆ ಅಷ್ಟೇ. ಒಬ್ಬ ಸಾಲಗಾರನ ರಿಸ್ಕ್ ಹೋಗಿ ಗ್ಯಾರಂಟಿ ಕೊಟ್ಟವನ ರಿಸ್ಕ್ ಬರುತ್ತದೆ. ಸಾಧಾರಣ ದಿನಗಳಲ್ಲಿ ಗ್ಯಾರಂಟಿ ಚೆನ್ನಾಗಿ ನಡೆಯುತ್ತದೆ. ತೀರಾ ಬೇಕಾದ ದಿನ ಬಂದಾಗ ಎಲ್ಲ ಸಾಲಗಳೂ ಒಟ್ಟಿಗೆ ಅದರ ಬಾಗಿಲು ಬಡಿಯುತ್ತವೆ.

ಬ್ರಿಟನ್ನಿನ ರೇಟ್‌ಸೆಟರ್ ಎಂಬ ಪ್ಲಾಟ್‌ಫಾರ್ಮ್ ಇಂಥ ಮೀಸಲು ನಿಧಿಗೇ ಹೆಸರಾಗಿತ್ತು. ಅಲ್ಲಿ ಹಣ ಹಾಕಿದವರು ವರ್ಷಗಳ ಕಾಲ ನಷ್ಟ ಅಂದರೇನು ಅಂತ ನೋಡಿರಲಿಲ್ಲ. 2020ರ ಮೇ ತಿಂಗಳಲ್ಲಿ, ಕೋವಿಡ್ ಬಂದ ಮೇಲೆ, ನಿಧಿ ಸಾಲದೇ ಹೋಗಬಹುದು ಎಂದು ಅದು ಹೂಡಿಕೆದಾರರ ಬಡ್ಡಿಯನ್ನು ಅರ್ಧಕ್ಕೆ ಇಳಿಸಿ, ಕಡಿತವಾದ ಹಣವನ್ನು ನಿಧಿಗೆ ತುಂಬಿತು. ಹಣ ವಾಪಸ್ ಬೇಕು ಎಂದವರು ತಿಂಗಳುಗಟ್ಟಲೆ ಸರದಿಯಲ್ಲಿ ನಿಂತರು. ಇದು ಮೋಸದ ಕಂಪನಿಯ ಕಥೆಯಲ್ಲ, ಒಳ್ಳೆಯ ಹೆಸರಿದ್ದ ಕಂಪನಿಯ ಕಥೆ. ನಿಧಿ ಇದ್ದರೆ ಅದರ ಗಾತ್ರವನ್ನು ಮುಂದೆ ಬರಬಹುದಾದ ನಷ್ಟದ ಜೊತೆ ಹೋಲಿಸಿ ನೋಡಿ. ಇಲ್ಲಿಯವರೆಗೆ ಆದ ನಷ್ಟದ ಜೊತೆ ಹೋಲಿಸಿದರೆ ಮತ್ತೆ ಅದೇ ವಯಸ್ಸಿನ ತಪ್ಪು. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2024ರ ಆಗಸ್ಟ್‌ನಲ್ಲಿ ಪಿ2ಪಿ ನಿಯಮಗಳನ್ನು ಬಿಗಿ ಮಾಡಿತು. ಪಿ2ಪಿಯನ್ನು ಖಚಿತ ಆದಾಯದ, ಬೇಕೆಂದಾಗ ಹಣ ತೆಗೆಯಬಹುದಾದ ಹೂಡಿಕೆ ಎಂದು ಮಾರಬಾರದು, ಪ್ಲಾಟ್‌ಫಾರ್ಮ್ ಗ್ಯಾರಂಟಿ ಕೊಡಬಾರದು, ನಷ್ಟ ಪೂರ್ತಿ ಸಾಲ ಕೊಟ್ಟವರದ್ದೇ ಎಂದು ಸ್ಪಷ್ಟಪಡಿಸಿತು. ಆ ನಿಯಮ ಓದಿದರೆ ಅದಕ್ಕೆ ಮೊದಲು ಏನೇನು ಮಾರುತ್ತಿದ್ದರು ಅಂತ ಗೊತ್ತಾಗುತ್ತದೆ.

ಈಗ ನಿಮ್ಮ ಬಾಂಡ್. ಪಿ2ಪಿಯಲ್ಲಿ ಎಂಟು ತಿಂಗಳಿಗಾದರೂ ಒಂದಷ್ಟು ಸುಳಿವು ಸಿಗುತ್ತದೆ. ಬಾಂಡ್‌ನಲ್ಲಿ ಅದೂ ಇಲ್ಲ. ಅಲ್ಲಿ ಕಂತು ಕಂತಾಗಿ ಅಸಲು ಬರುವುದಿಲ್ಲ. ಮೂರು ವರ್ಷ ಬರೀ ಬಡ್ಡಿ, ಕೊನೆಯ ದಿನ ಅಷ್ಟೂ ಅಸಲು. ಕಂಪನಿಯ ನಿಜವಾದ ಪರೀಕ್ಷೆ ಆ ಒಂದು ದಿನ. ಅಲ್ಲಿಯವರೆಗೆ ಬಡ್ಡಿ ಕೊಡೋಕೆ ವರ್ಷಕ್ಕೆ 13 ಇದ್ದರೆ ಸಾಕು. ಅದನ್ನು ನೀವೇ ಕೊಟ್ಟ 100ರಿಂದ ತೆಗೆದುಕೊಡಬಹುದು, ಮುಂದಿನ ವರ್ಷ ಬಾಂಡ್ ಕೊಂಡವರ ಹಣದಿಂದಲೂ ಕೊಡಬಹುದು. ಹಾಗಾಗಿ ‘ಬಡ್ಡಿ ತಪ್ಪದೇ ಬರುತ್ತಿದೆ’ ಎಂಬುದು ಬಾಂಡ್ ವಿಷಯದಲ್ಲಿ ಯಾವುದಕ್ಕೂ ಸಾಕ್ಷಿಯಲ್ಲ.

13% ಎಂಬ ದರವೇ ಏನು ಹೇಳುತ್ತದೆ ನೋಡಿ. ಸುರಕ್ಷಿತವಾದ 7%ಗಿಂತ 6 ಜಾಸ್ತಿ. ಕಂಪನಿ ಮುಳುಗಿದರೆ 100ಕ್ಕೆ 40 ವಾಪಸ್ ಸಿಗುತ್ತದೆ, 60 ಹೋಗುತ್ತದೆ ಅಂತ ಇಟ್ಟುಕೊಳ್ಳಿ. ರೇಟಿಂಗ್ ಇರುವ ಸಾಮಾನ್ಯ ಬಾಂಡ್‌ಗಳಲ್ಲಿ ದಶಕಗಳ ಸರಾಸರಿ ವಸೂಲಿ ಸುಮಾರು ಅಷ್ಟೇ ಇದೆ. ಹಾಗಾದರೆ ಇಂಥ 100 ಕಂಪನಿಗಳಲ್ಲಿ ವರ್ಷಕ್ಕೆ 10 ಮುಳುಗಿದರೆ ನಷ್ಟ 6. ನಿಮಗೆ ಸಿಗುವ ಹೆಚ್ಚಿನ ಬಡ್ಡಿ ಅಷ್ಟಕ್ಕೇ ಸರಿಹೋಯಿತು. ಅಂದರೆ ವರ್ಷಕ್ಕೆ ಹತ್ತರಲ್ಲಿ ಒಂದು, ಮೂರು ವರ್ಷಕ್ಕೆ ನಾಲ್ಕರಲ್ಲಿ ಒಂದಕ್ಕಿಂತ ತುಸು ಜಾಸ್ತಿ ಕಂಪನಿಗಳು ಮುಳುಗಿದರೆ ನಿಮ್ಮ ಬಾಂಡ್ ಮತ್ತು ನಿಮ್ಮ ಠೇವಣಿ ಒಂದೇ. ಎಲ್ಲ ಹೆಚ್ಚುವರಿ ಬಡ್ಡಿಯೂ ಸುಸ್ತಿಗೇ ಅಂತಲ್ಲ. ಖಾಸಗಿ ಬಾಂಡನ್ನು ನಡುವೆ ಮಾರಲಾಗದು, ಆ ತೊಂದರೆಗೂ ಒಂದಷ್ಟು ಕೊಡಬೇಕು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಒಳ್ಳೆಯ ಆಸ್ತಿ ಅಡಮಾನಕ್ಕೆ ಇದ್ದರೆ ಬ್ಯಾಂಕ್ ಇದಕ್ಕಿಂತ ಕಡಿಮೆ ಬಡ್ಡಿಗೆ ಸಾಲ ಕೊಡುತ್ತಿತ್ತು. ಅಲ್ಲಿಗೆ ಯಾಕೆ ಹೋಗಲಿಲ್ಲ? ಹೋಗಿದ್ದರೆ ಬ್ಯಾಂಕ್ ಯಾಕೆ ಕೊಡಲಿಲ್ಲ?

ನೂರು ಕಂಪನಿಗಳ ಲೆಕ್ಕ ಹೇಳಿದೆ, ಆದರೆ ನೀವು ಕೊಳ್ಳುತ್ತಿರುವುದು ಒಂದೇ ಕಂಪನಿಯ ಬಾಂಡ್. ನಿಮ್ಮ ಪಾಲಿಗೆ ಸರಾಸರಿ ಅನ್ನುವುದು ಇಲ್ಲ. ಒಂದೋ 13, ಇಲ್ಲವೇ ದೊಡ್ಡ ಪೆಟ್ಟು.

ಇದು ಹೇಗೆ ನಡೆಯುತ್ತದೆ ಎನ್ನುವುದಕ್ಕೆ ಬ್ರಿಟನ್ನಿನ ಲಂಡನ್ ಕ್ಯಾಪಿಟಲ್ ಆ್ಯಂಡ್ ಫೈನಾನ್ಸ್ ಪ್ರಕರಣ ನೋಡಬೇಕು. ಬ್ಯಾಂಕಿನಲ್ಲಿ ಬಡ್ಡಿ ತೀರಾ ಕಡಿಮೆ ಇದ್ದ ಕಾಲದಲ್ಲಿ ಅದು 8%ವರೆಗೆ ಕೊಡುವ ಬಾಂಡ್‌ಗಳನ್ನು ಜನಸಾಮಾನ್ಯರಿಗೆ ಮಾರಿತು. ಕಂಪನಿಗೆ ಹಣಕಾಸು ನಿಯಂತ್ರಕರ ಪರವಾನಗಿ ಇತ್ತು, ಜಾಹೀರಾತಿನಲ್ಲಿ ಅದು ಎದ್ದು ಕಾಣುತ್ತಿತ್ತು. ಆದರೆ ಈ ಬಾಂಡ್‌ಗಳೇ ಆ ಪರವಾನಗಿಯ ಕೆಳಗೆ ಬರುತ್ತಿರಲಿಲ್ಲ. ಬಂದ ಹಣವನ್ನು ಎಷ್ಟೋ ಸಣ್ಣ ಉದ್ಯಮಗಳಿಗೆ ಅಡಮಾನ ಇಟ್ಟುಕೊಂಡು ಸಾಲ ಕೊಡುತ್ತೇವೆ ಎಂದಿದ್ದರು. ಕೊಟ್ಟಿದ್ದು ಹೆಚ್ಚಾಗಿ ತಮಗೇ ಸಂಬಂಧಪಟ್ಟ ಬೆರಳೆಣಿಕೆಯ ಕಂಪನಿಗಳಿಗೆ. 2019ರ ಜನವರಿಯಲ್ಲಿ ಕಂಪನಿ ಬಿದ್ದಿತು. 11,600ಕ್ಕೂ ಹೆಚ್ಚು ಜನರ ಸುಮಾರು 23.7 ಕೋಟಿ ಪೌಂಡ್ ಅದರಲ್ಲಿತ್ತು.

ಅದರಲ್ಲಿ ಒಂದು ಸಂಖ್ಯೆ ಸಾಕಿತ್ತು ಎಲ್ಲವನ್ನೂ ಹೇಳೋಕೆ. ಬಾಂಡ್ ಮಾರಿಕೊಟ್ಟ ಮಾರ್ಕೆಟಿಂಗ್ ಸಂಸ್ಥೆಗೆ ಹೋಗುತ್ತಿದ್ದ ಕಮಿಷನ್ ಸುಮಾರು 25%. ಅಂದರೆ ನೀವು 100 ಕೊಟ್ಟರೆ ಕೆಲಸಕ್ಕೆ ಬೀಳುವುದು 75. ಮೂರು ವರ್ಷದ 8% ಬಾಂಡ್‌ಗೆ ವಾಪಸ್ ಕೊಡಬೇಕಾದ್ದು ಒಟ್ಟು 124. 75 ಮೂರು ವರ್ಷದಲ್ಲಿ 124 ಆಗಬೇಕಾದರೆ ವರ್ಷಕ್ಕೆ 18% ಬೆಳೆಯಬೇಕು, ಅದೂ ಒಂದು ಸಾಲವೂ ಕೆಡದೆ, ಕಂಪನಿಗೆ ಬೇರೆ ಖರ್ಚೇ ಇಲ್ಲದೆ. ಕೊಳ್ಳುವವರಿಗೆ ಕಾಣುತ್ತಿದ್ದ 8% ಅಂಥ ಅತಿಯಾಸೆಯ ದರವೇನಲ್ಲ. ಅದರ ಹಿಂದೆ ಬೇಕಿದ್ದ 18% ಮಾತ್ರ ಯಾರಿಗೂ ಕಾಣಲಿಲ್ಲ. ಅಷ್ಟೂ ದಿನ ಬಡ್ಡಿ ಬರುತ್ತಲೇ ಇತ್ತು. ಇದಾದ ಮೇಲೆ ಅಲ್ಲಿನ ನಿಯಂತ್ರಕರು ಇಂಥ ಬಾಂಡ್‌ಗಳನ್ನು ಸಾಮಾನ್ಯ ಜನರಿಗೆ ಪ್ರಚಾರ ಮಾಡುವುದನ್ನು 2020ರ ಜನವರಿಯಿಂದ ತಡೆದರು, ಮರುವರ್ಷ ಅದನ್ನು ಕಾಯಂ ಮಾಡಿದರು.

ಹಾಗಾಗಿ ನಿಮಗೆ ಬಾಂಡ್ ತೋರಿಸಿದವರನ್ನು ಮೊದಲು ಕೇಳಬೇಕಾದ್ದು: ನಿಮಗೆ ಇದರಲ್ಲಿ ಎಷ್ಟು ಸಿಗುತ್ತದೆ? ಮುಜುಗರ ಬೇಡ. ಕೇಳಿ.

ಆಮೇಲೆ ಅಡಮಾನ. ಆ ಶಬ್ದ ಕೇಳಿದ ಕೂಡಲೇ ನೆಮ್ಮದಿ ಆಗುತ್ತದೆ, ನಿಜ. ಆದರೆ ಅದೇ ಆಸ್ತಿಯ ಮೇಲೆ ಬ್ಯಾಂಕಿನ ಸಾಲ ಮೊದಲೇ ಇದ್ದರೆ ನಿಮ್ಮದು ಎರಡನೇ ಹಕ್ಕು. 100 ಬೆಲೆ ಅಂದ ಆಸ್ತಿ ಅವಸರದ ಹರಾಜಿನಲ್ಲಿ 65ಕ್ಕೆ ಹೋಯಿತು, ಬ್ಯಾಂಕಿಗೆ 50 ಕೊಡಬೇಕು, ವಕೀಲರು ಮತ್ತು ಹರಾಜಿನ ಖರ್ಚು 5. ಉಳಿದ 10ನ್ನು ಬಾಂಡ್ ಕೊಂಡವರೆಲ್ಲ ಹಂಚಿಕೊಳ್ಳಬೇಕು. 100ರ ಬೆಲೆ ಕಟ್ಟಿದವರು ಯಾರು, ಯಾವಾಗ, ಯಾರ ಖರ್ಚಿನಲ್ಲಿ ಎನ್ನುವುದನ್ನೂ ನೋಡಿ. ‘ಕಟ್ಟಡ ಮುಗಿದ ಮೇಲಿನ ಬೆಲೆ’ ಅಂತ ವರದಿಯಲ್ಲಿದ್ದರೆ ಇವತ್ತು ಅಲ್ಲಿ ಇರುವುದು ಬರೀ ಗುಂಡಿ ಇರಬಹುದು.

ಕಂಪನಿಯ ಲೆಕ್ಕಪತ್ರ ಸಿಕ್ಕರೆ ಲಾಭದ ಪುಟ ಬಿಟ್ಟು ನಗದು ಹರಿವಿನ ಪುಟಕ್ಕೆ ಹೋಗಿ. ಅದರಲ್ಲಿ ಮೂರು ಭಾಗ ಇರುತ್ತದೆ: ವ್ಯವಹಾರದಿಂದ ಬಂದ ನಗದು, ಹೂಡಿಕೆಗೆ ಹೋದದ್ದು, ಸಾಲ ಮತ್ತು ಬಂಡವಾಳದಿಂದ ಬಂದದ್ದು. ಮೊದಲ ಭಾಗದಲ್ಲಿ ವರ್ಷ ವರ್ಷವೂ ಕಳೆ ಚಿಹ್ನೆ, ಮೂರನೆಯದರಲ್ಲಿ ವರ್ಷ ವರ್ಷವೂ ಕೂಡು ಚಿಹ್ನೆ ಇದ್ದು, ಬಡ್ಡಿ ಮಾತ್ರ ತಪ್ಪದೇ ಕೊಡುತ್ತಿದ್ದರೆ ಅದನ್ನು ಕೊಡುತ್ತಿರುವುದು ಹೊಸ ಸಾಲ. ಇದಕ್ಕೆ ಲೆಕ್ಕಪರಿಶೋಧಕರೇ ಆಗಬೇಕಿಲ್ಲ. ಚಿಹ್ನೆ ನೋಡಿದರೆ ಸಾಕು. ಬಡ್ಡಿಯನ್ನು ನಗದಾಗಿ ಕೊಡದೆ ಅಸಲಿಗೆ ಸೇರಿಸುವ ಹಕ್ಕು, ಅವಧಿಯನ್ನು ತಾನೇ ಮುಂದೂಡುವ ಹಕ್ಕು ಕಂಪನಿಗೆ ಇದೆಯಾ ಅಂತ ಬಾಂಡ್ ಪತ್ರದಲ್ಲಿ ಹುಡುಕಿ. ಇದ್ದರೆ ಹಣ ಬಾರದ ದಿನವೂ ಅದು ಕಾಗದದಲ್ಲಿ ಸುಸ್ತಿ ಆಗುವುದಿಲ್ಲ.

ಪಿ2ಪಿಯಲ್ಲಿ ಈಗಾಗಲೇ ಇರುವ ಹಣಕ್ಕೆ ಏನು ಮಾಡಬೇಕು? ಮೊದಲು ಮರುಹೂಡಿಕೆ ತಾನಾಗಿಯೇ ಆಗುವ ವ್ಯವಸ್ಥೆ ಇದ್ದರೆ ಅದನ್ನು ನಿಲ್ಲಿಸಿ. ಕಂತಿನಿಂದ ಬಂದ ಹಣವನ್ನು ಅದು ಪ್ರತಿ ತಿಂಗಳು ಹೊಸ ಸಾಲಗಳಿಗೆ ಹಾಕುತ್ತಿರುತ್ತದೆ. ಹಾಗಾಗಿ ನಿಮ್ಮ ಸ್ವಂತ ಖಾತೆಯಲ್ಲೂ ಎಳೆ ಸಾಲಗಳು ತುಂಬಿಕೊಂಡು, ಮೇಲೆ ಹೇಳಿದ 3100ರ ಕಥೆಯೇ ಸಣ್ಣದಾಗಿ ನಡೆಯುತ್ತಿರುತ್ತದೆ. ಆಮೇಲೆ ಸಾಲಗಳ ಪಟ್ಟಿ ಇಳಿಸಿಕೊಂಡು ಕೊಟ್ಟ ದಿನಾಂಕದ ಪ್ರಕಾರ ಜೋಡಿಸಿ. ನೀವು ಹಾಕಿದ ಮೊದಲ ಎರಡು ತಿಂಗಳ ಸಾಲಗಳನ್ನು ಮಾತ್ರ ನೋಡಿ, ಅವುಗಳಲ್ಲಿ ಎಷ್ಟು ಒಂದು ದಿನವಾದರೂ ತಡವಾಗಿವೆ ಅಂತ ಎಣಿಸಿ. ಇವು ನಿಮ್ಮ ಅತಿ ಹಳೆಯ ಸಾಲಗಳು, ಮಾತಾಡುವುದೇನಿದ್ದರೂ ಅವೇ.

ನಿಜವಾದ ಆದಾಯಕ್ಕೆ ಆ್ಯಪ್‌ನ ಶೇಕಡಾವಾರು ನಂಬಬೇಡಿ. ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿದ ಹಣವನ್ನೆಲ್ಲ ಕಳೆ ಚಿಹ್ನೆಯೊಂದಿಗೆ, ತೆಗೆದದ್ದನ್ನು ಕೂಡು ಚಿಹ್ನೆಯೊಂದಿಗೆ ದಿನಾಂಕದ ಜೊತೆ ಬರೆಯಿರಿ. ಕೊನೆಯ ಸಾಲಿನಲ್ಲಿ ಇವತ್ತಿನ ದಿನಾಂಕ, ಅದರ ಮುಂದೆ ಬಾಕಿ ಸಾಲಗಳ ಇವತ್ತಿನ ಬೆಲೆ. ಈ ಬೆಲೆಯನ್ನು ಪೂರ್ತಿ ಹಿಡಿಯಬೇಡಿ. ನಾನಾದರೆ 30 ದಿನದೊಳಗೆ ತಡವಾದ ಸಾಲಕ್ಕೆ 100ಕ್ಕೆ 80, 31ರಿಂದ 90 ದಿನ ತಡವಾದದ್ದಕ್ಕೆ 35, ಅದರ ಆಚೆ ಹೋದದ್ದಕ್ಕೆ 10 ಹಿಡಿಯುತ್ತೇನೆ. ಆಮೇಲೆ ಈ ಸೂತ್ರ:

```
=XIRR(B2:B40, A2:A40)
```

A ಅಂಕಣದಲ್ಲಿ ದಿನಾಂಕ, Bಯಲ್ಲಿ ಹಣ. ಸಾಲುಗಳ ಸಂಖ್ಯೆ ನಿಮ್ಮ ಪಟ್ಟಿಗೆ ತಕ್ಕಂತೆ ಬದಲಿಸಿ. 14ರ ಜಾಗದಲ್ಲಿ ಎಷ್ಟು ಬರುತ್ತದೆ ನೋಡಿ, ಪ್ರತಿ ಮೂರು ತಿಂಗಳಿಗೊಮ್ಮೆ ಮತ್ತೆ ಮಾಡಿ. ಸಂಖ್ಯೆ ಇಳಿಯುತ್ತಾ ಹೋಗುವುದು ಸಹಜ, ಸಾಲಗಳಿಗೆ ವಯಸ್ಸಾಗುತ್ತಿದೆ. 18ನೇ ತಿಂಗಳ ಹೊತ್ತಿಗೆ ಅದು ಠೇವಣಿಗಿಂತ ಮೂರು ನಾಲ್ಕು ಮೇಲೆ ನಿಂತರೆ ಆ ಪ್ಲಾಟ್‌ಫಾರ್ಮ್‌ಗೆ ಸ್ವಲ್ಪ ಹಣ ಮತ್ತೆ ಕೊಡಬಹುದು. ಅದಕ್ಕೂ ಕಡಿಮೆ ಇದ್ದರೆ ಬಂದ ಕಂತುಗಳನ್ನು ಹಾಗೇ ಹೊರಗೆ ತೆಗೆಯುತ್ತಾ ಬನ್ನಿ.

ಬಾಂಡ್‌ಗೆ ಮೂರು ಕಾಗದ ಕೇಳಿ: ಮೂರು ವರ್ಷದ ಪರಿಶೋಧಿತ ಲೆಕ್ಕಪತ್ರ, ಆಸ್ತಿಯ ಮೇಲೆ ಮೊದಲ ಹಕ್ಕು ಯಾರದ್ದು ಎಂಬ ನೋಂದಣಿ ದಾಖಲೆ, ಇದೇ ಕಂಪನಿಯ ಹಿಂದಿನ ಬಾಂಡ್‌ಗಳ ಅಸಲು ಅವಧಿ ಮುಗಿದ ದಿನ ಬ್ಯಾಂಕ್ ಖಾತೆಗೆ ನಗದಾಗಿ ಬಂತಾ ಅಥವಾ ಹೊಸ ಬಾಂಡ್ ಆಗಿ ಬದಲಾಯಿತಾ ಎನ್ನುವುದರ ವಿವರ. ಮೂರನೆಯದನ್ನು ಕೇಳಿದಾಗ ‘ಹೆಚ್ಚಿನವರು ಮುಂದುವರಿಸಿಕೊಂಡರು ಸರ್’ ಅನ್ನುವ ಉತ್ತರ ಬಂದರೆ, ಮುಂದುವರಿಸದೆ ಹಣ ಕೇಳಿದವರಿಗೆ ಎಷ್ಟು ದಿನಕ್ಕೆ ಸಿಕ್ಕಿತು ಅಂತ ಕೇಳಿ.